ಮೋಟಾರು ಓಡುತ್ತಿದೆ, ನೀರು ಏರುತ್ತಿಲ್ಲ

ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟಾರು ಎಂದಿನಂತೆ ಶುರುವಾಗುತ್ತದೆ. ಕರೆಂಟು ಇದೆ, ಸಂಪಿನಲ್ಲಿ ನೀರೂ ಇದೆ, ಆದರೆ ತಾರಸಿಯ ಟ್ಯಾಂಕಿಗೆ ಒಂದು ಹನಿಯೂ ಬೀಳುವುದಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರ ಅನುಮಾನ ಮೊದಲು ಹೋಗುವುದು ಮೋಟಾರಿನ ಮೇಲೆ. ವೈಂಡಿಂಗ್ ಹೋಗಿರಬೇಕು, ಕೆಪಾಸಿಟರ್ ವೀಕಾಗಿರಬೇಕು, ಅರ್ಧ ಎಚ್‌ಪಿ ಸಾಲದು, ಒಂದು ಎಚ್‌ಪಿಯದು ಹಾಕಿಸಬೇಕು ಎಂಬ ಮಾತುಗಳು ಬರುತ್ತವೆ. ಆದರೆ ವೈಂಡಿಂಗ್ ಸುಟ್ಟಿದ್ದರೆ ಮೋಟಾರು ತಿರುಗುತ್ತಲೇ ಇರಲಿಲ್ಲ. ಕೆಪಾಸಿಟರ್ ಕೆಟ್ಟಿದ್ದರೆ ಗುಂಯ್ ಎನ್ನುತ್ತಾ ನಿಂತಲ್ಲೇ ಬಿಸಿಯಾಗುತ್ತಿತ್ತು. ಶಾಫ್ಟು ಪೂರ್ತಿ ವೇಗದಲ್ಲಿ ತಿರುಗುತ್ತಿದೆ ಎಂದರೆ ಮೋಟಾರು ತನ್ನ ಪಾಲಿನ ಕೆಲಸ ಮಾಡುತ್ತಿದೆ. ತೊಂದರೆ ಹೆಚ್ಚಿನ ಸಲ ಇರುವುದು ಪಂಪಿನಿಂದ ಸಂಪಿನ ನೀರಿಗೆ ಇಳಿಯುವ ಕೆಲವೇ ಅಡಿ ಉದ್ದದ ಸಕ್ಷನ್ ಪೈಪಿನಲ್ಲಿ, ಅದರಲ್ಲೂ ಅದರ ತುದಿಯಲ್ಲಿ ನೀರಿನೊಳಗೆ ಮುಳುಗಿ ಕಣ್ಣಿಗೆ ಕಾಣದೆ ಕೂತಿರುವ ಫುಟ್ ವಾಲ್ವಿನಲ್ಲಿ. ಅದನ್ನು ಖಚಿತ ಮಾಡಿಕೊಳ್ಳಲು ಒಂದು ಸ್ಪ್ಯಾನರ್, ಒಂದು ಚೊಂಬು, ಅರ್ಧ ಬಕೆಟ್ ನೀರು ಇದ್ದರೆ ಸಾಕು.

ನಮ್ಮ ಮನೆಗಳ ಸಾಮಾನ್ಯ ಮೋನೋಬ್ಲಾಕ್ ಪಂಪಿನೊಳಗೆ ಇಂಪೆಲ್ಲರ್ ಎಂಬ ರೆಕ್ಕೆಗಳ ಚಕ್ರವಿರುತ್ತದೆ. ಒದ್ದೆ ಕೊಡೆಯನ್ನು ಗರಗರ ತಿರುಗಿಸಿದರೆ ಹನಿಗಳು ಅಂಚಿಗೆ ಹೋಗಿ ಸಿಡಿಯುವ ಹಾಗೆ, ಈ ಚಕ್ರ ತನ್ನ ನಡುವಿನ ನೀರನ್ನು ಹೊರ ಅಂಚಿಗೆ ಎಸೆಯುತ್ತದೆ. ಎಸೆದ ನೀರು ಡೆಲಿವರಿ ಪೈಪು ಹತ್ತಿ ಮೇಲೆ ಹೋಗುತ್ತದೆ. ನಡುವೆ ಒತ್ತಡ ಕಡಿಮೆಯಾಗುವುದರಿಂದ ಸಂಪಿನ ನೀರು ಆ ಜಾಗಕ್ಕೆ ನುಗ್ಗಿ ಬರುತ್ತದೆ. ಎಸೆಯುವುದಕ್ಕೆ ಚಕ್ರದ ಕೈಯಲ್ಲಿ ಮೊದಲೇ ನೀರು ಇರಬೇಕು ಎಂಬುದೇ ಇಲ್ಲಿನ ಷರತ್ತು. ನೀರಿನ ಬದಲು ಗಾಳಿ ಇದ್ದರೂ ಚಕ್ರ ಅದನ್ನು ಅಷ್ಟೇ ಶ್ರದ್ಧೆಯಿಂದ ಎಸೆಯುತ್ತದೆ. ಆದರೆ ಗಾಳಿ ನೀರಿಗಿಂತ 800 ಪಟ್ಟಿಗೂ ಹೆಚ್ಚು ಹಗುರ. ನೀರು ತುಂಬಿದ್ದಾಗ 60 ಅಡಿ ಎತ್ತರಕ್ಕೆ ತಳ್ಳಬಲ್ಲ ಪಂಪು, ಹೊಟ್ಟೆಯಲ್ಲಿ ಬರೀ ಗಾಳಿ ಇದ್ದಾಗ 60 ಅಡಿ ಗಾಳಿಯ ತೂಕದಷ್ಟೇ ಎಳೆತವನ್ನು ಹುಟ್ಟಿಸುತ್ತದೆ. ಆ ಎಳೆತಕ್ಕೆ ಸಂಪಿನ ನೀರು ಪೈಪಿನಲ್ಲಿ ಎಷ್ಟು ಏರೀತು ಎಂದು ಲೆಕ್ಕ ಹಾಕಿದರೆ ಒಂದು ಇಂಚೂ ಆಗುವುದಿಲ್ಲ. ಆರು ಅಡಿ ಕೆಳಗಿರುವ ನೀರಿಗೆ ಅದು ಯಾತಕ್ಕೂ ಸಾಲದು. ಒಂದು ಗಂಟೆ ಓಡಿಸಿದರೂ ಅಷ್ಟೇ, ಎರಡು ಎಚ್‌ಪಿ ಮೋಟಾರು ತಂದು ಕೂರಿಸಿದರೂ ಹೆಚ್ಚೂಕಡಿಮೆ ಅಷ್ಟೇ. ಪ್ಲಂಬರ್ ಬಂದು ‘ಏರ್ ಹಿಡ್ಕೊಂಡಿದೆ ಸಾರ್’ ಎನ್ನುವುದು ಈ ಸ್ಥಿತಿಗೇ. ಪಂಪು ಮತ್ತು ಸಕ್ಷನ್ ಪೈಪಿನ ಗಾಳಿಯನ್ನೆಲ್ಲ ಹೊರಹಾಕಿ ನೀರು ತುಂಬಿಸುವುದೇ ಪ್ರೈಮಿಂಗ್.

ಎಳೆಯುವುದು ಎಂದು ರೂಢಿಯಲ್ಲಿ ಹೇಳುತ್ತೇವಾದರೂ ನೀರನ್ನು ಮೇಲೆ ತಳ್ಳುವುದು ಸಂಪಿನ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿಯ ಭಾರ. ಹಾಗಾಗಿ ಅದಕ್ಕೊಂದು ಮಿತಿ ಉಂಟು. 1638ರಲ್ಲಿ ಅಚ್ಚಾದ ಗೆಲಿಲಿಯೊನ ಪುಸ್ತಕದಲ್ಲಿ ಇದರದೇ ಒಂದು ಪ್ರಸಂಗ ಬರುತ್ತದೆ. ನೀರು ಎತ್ತದ ಪಂಪು ಕೆಟ್ಟಿದೆಯೆಂದು ಒಬ್ಬ ರಿಪೇರಿಯವನನ್ನು ಕರೆಸುತ್ತಾನೆ. ಬಂದವನು ದೋಷ ಪಂಪಿನಲ್ಲಿಲ್ಲ, ನೀರು ತೀರ ಕೆಳಕ್ಕೆ ಇಳಿದಿದೆ, 18 ಮೊಳದ ಮೇಲೆ ಯಾವ ಪಂಪೂ ಹೀಗೆ ನೀರೆಳೆಯಲಾರದು ಎನ್ನುತ್ತಾನೆ. ಅದು ಗಾಳಿಯ ತೂಕದ ಮಿತಿ ಎಂದು ಕೆಲವೇ ವರ್ಷಗಳ ನಂತರ ತೋರಿಸಿದವನು ಟೊರಿಚೆಲ್ಲಿ. ಮಂಗಳೂರಿನಂಥ ಕಡಲ ತಡಿಯಲ್ಲಿ ಈ ಮಿತಿ ಸುಮಾರು 34 ಅಡಿ. ಸಮುದ್ರಮಟ್ಟಕ್ಕಿಂತ 900 ಮೀಟರು ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು, ಅಲ್ಲಿ ಸುಮಾರು 30 ಅಡಿ. ಪೈಪಿನ ತಿಕ್ಕಾಟ ಮೊದಲಾದ ನಷ್ಟಗಳನ್ನು ಕಳೆದರೆ 20 ಅಡಿಯ ಆಸುಪಾಸಿನಲ್ಲಿ ನಿಲ್ಲಿಸಿಕೊಳ್ಳುವುದು ಜಾಣತನ. ಮನೆಯ ಸಂಪು ಆರೇಳು ಅಡಿ ಆಳದ್ದು, ಈ ಮಿತಿಯೊಳಗೆ ಆರಾಮವಾಗಿ ಬರುತ್ತದೆ. ನಿನ್ನೆ ಎತ್ತಿದ ಪಂಪು ಇವತ್ತು ಎತ್ತುತ್ತಿಲ್ಲ ಎಂದರೆ ಅದರ ಶಕ್ತಿ ಕುಂದಿದೆ ಎನ್ನುವುದಕ್ಕಿಂತ ಅದರ ನೀರು ರಾತ್ರಿ ಎಲ್ಲೋ ಸೋರಿಹೋಗಿದೆ ಎನ್ನುವುದೇ ಹೆಚ್ಚು ಸಂಭವ.

ಹಾಗೆ ಸೋರದಂತೆ ತಡೆಯುವುದು ಫುಟ್ ವಾಲ್ವಿನ ಕೆಲಸ. ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ, ಕೆಳಗೆ ಕಸ ತಡೆಯುವ ಜಾಲರಿ, ಒಳಗೆ ಒಂದು ಮುಚ್ಚಳ, ಮುಚ್ಚಳದ ಕೆಳಗೆ ರಬ್ಬರ್ ವಾಷರು, ಅದು ಕೂರುವುದಕ್ಕೆ ನುಣುಪಾದ ಒಂದು ಸುತ್ತಂಚು. ಇಷ್ಟೇ ಅದರ ಸಂಸಾರ. ಪಂಪು ಓಡುವಾಗ ನೀರು ಮುಚ್ಚಳವನ್ನು ಎತ್ತಿಕೊಂಡು ಮೇಲೆ ಬರುತ್ತದೆ. ಪಂಪು ನಿಂತ ಕೂಡಲೇ ಮೇಲಿನ ನೀರಿನ ಭಾರಕ್ಕೆ ಮುಚ್ಚಳ ಅಂಚಿನ ಮೇಲೆ ಒತ್ತಿ ಕೂರುತ್ತದೆ. ಕೆಲವದರಲ್ಲಿ ಸಹಾಯಕ್ಕೆ ಒಂದು ಸ್ಪ್ರಿಂಗ್ ಇರುತ್ತದೆ. ಮುಚ್ಚಳ ಬಿಗಿಯಾಗಿ ಕೂತರೆ ಪೈಪು, ಪಂಪು ಎರಡೂ ಮುಂದಿನ ಸಲದವರೆಗೆ ತುಂಬಿಯೇ ಇರುತ್ತವೆ.

ಕೂರದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಮನೆಯ ಲೆಕ್ಕದಲ್ಲಿ ನೋಡೋಣ. ಮೂವತ್ತು-ನಲವತ್ತರ ಸೈಟು, ಎರಡು ಅಂತಸ್ತು, ಗೇಟಿನ ಪಕ್ಕ ಸಂಪು, ಅದರ ಅಂಚಿನಲ್ಲೇ ಮೋಟಾರು ಎಂದಿಟ್ಟುಕೊಳ್ಳಿ. ಎಲ್ಲ ಕಡೆ ಒಂದಿಂಚಿನ ಪೈಪು. ಒಂದಿಂಚಿನ ಪೈಪಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಹತ್ತಿರಹತ್ತಿರ 150 ಮಿಲಿಲೀಟರು. ಸಕ್ಷನ್ ಪೈಪು 10 ಅಡಿ ಇದ್ದರೆ ಅದರಲ್ಲಿ ಒಂದೂವರೆ ಲೀಟರು. ಟ್ಯಾಂಕಿನವರೆಗಿನ ಡೆಲಿವರಿ ಪೈಪು 40 ಅಡಿ ಇದ್ದರೆ ಅದರಲ್ಲಿ ಆರು ಲೀಟರು. ಅಂತೂ ಏಳೂವರೆ ಲೀಟರು. ರಾತ್ರಿ ಒಂಬತ್ತಕ್ಕೆ ಮೋಟಾರು ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ಹಾಕುವುದಾದರೆ ನಡುವೆ 9 ಗಂಟೆ, ಅಂದರೆ 540 ನಿಮಿಷ. ಏಳೂವರೆ ಲೀಟರನ್ನು ಆ ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ 14 ಮಿಲಿಲೀಟರು, ಒಂದು ದೊಡ್ಡ ಚಮಚದಷ್ಟು. ಫುಟ್ ವಾಲ್ವು ನಿಮಿಷಕ್ಕೆ ಒಂದು ಚಮಚ ನೀರು ಬಿಟ್ಟುಕೊಟ್ಟರೂ ಬೆಳಗಾಗುವುದರೊಳಗೆ ಇಡೀ ಸಾಲು ಖಾಲಿ. ಸಂಪಿನೊಳಗೇ ಸೋರುವುದರಿಂದ ನೆಲ ಒದ್ದೆಯಾಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಈ ಲೆಕ್ಕ ಗೊತ್ತಿದ್ದರೆ ಅನೇಕ ಮನೆಗಳ ಒಂದು ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಸಂಜೆ ಮೋಟಾರು ನಿಲ್ಲಿಸಿ ಅರ್ಧ ಗಂಟೆಯಲ್ಲಿ ಮತ್ತೆ ಹಾಕಿದರೆ ನೀರು ಬರುತ್ತದೆ, ಬೆಳಿಗ್ಗೆ ಹಾಕಿದರೆ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಸೋರಿದ್ದು ಮೇಲಿನ ಪೈಪಿನ ಅರ್ಧ ಲೀಟರಿಗಿಂತ ಕಡಿಮೆ, ಪಂಪು ಇನ್ನೂ ತುಂಬಿಯೇ ಇದೆ. ಬೆಳಗಿನ ಹೊತ್ತಿಗೆ ಖಾಲಿ. ಚಳಿಗೆ ಮೋಟಾರು ಹಿಡಿದುಕೊಂಡಿದೆ, ಬೆಳಿಗ್ಗೆ ವೋಲ್ಟೇಜು ಕಡಿಮೆ ಎಂದೆಲ್ಲ ಹೇಳುವವರಿದ್ದಾರೆ. ನಿಲ್ಲಿಸಿಟ್ಟ ಹೊತ್ತು ಹೆಚ್ಚಾದಷ್ಟೂ ತೊಂದರೆ ಹೆಚ್ಚುತ್ತದೆ ಎಂದಾದರೆ ಅದು ಸೋರಿಕೆಯೇ.

ಪರೀಕ್ಷೆಯನ್ನು ತಾರಸಿಯಿಂದ ಶುರು ಮಾಡಬಹುದು. ನೀರು ಬರುತ್ತಿರುವಾಗಲೇ ಮೋಟಾರು ನಿಲ್ಲಿಸಲು ಹೇಳಿ, ಟ್ಯಾಂಕಿನೊಳಗೆ ನೀರು ಸುರಿಯುವ ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಕೆಳಗೆ ವಾಲ್ವು ಬಿಗಿಯಾಗಿದ್ದರೆ ಏನೂ ಆಗುವುದಿಲ್ಲ. ಸೋರುತ್ತಿದ್ದರೆ ಪೈಪಿನ ನೀರು ಕೆಳಗಿಳಿಯುತ್ತಾ ಅಂಗೈಯನ್ನು ಒಳಕ್ಕೆ ಎಳೆಯುವುದು ಚೆನ್ನಾಗಿ ಗೊತ್ತಾಗುತ್ತದೆ. ಈ ಪೈಪು ಟ್ಯಾಂಕಿನ ನೀರಲ್ಲಿ ಮುಳುಗಿದ್ದರೆ ಅಥವಾ ತಳಕ್ಕೆ ಜೋಡಿಸಿದ್ದರೆ ಸಂಗತಿ ಇನ್ನೂ ಕೆಟ್ಟದ್ದು. ರಾತ್ರಿಯಿಡೀ ಟ್ಯಾಂಕಿನ ನೀರೇ ಇಳಿದು ಸಂಪಿಗೆ ಸೇರುತ್ತಿರುತ್ತದೆ, ಮನೆಯವರು ಯಾವ ನಲ್ಲಿ ಬಿಟ್ಟುಬಿಟ್ಟೆವೋ ಎಂದು ಹುಡುಕುತ್ತಿರುತ್ತಾರೆ. ಪಂಪಿನ ಮೇಲುಗಡೆ ನಾನ್ ರಿಟರ್ನ್ ವಾಲ್ವ್ ಹಾಕಿಸಿದ್ದರೆ ಮಾತ್ರ ಈ ಅಂಗೈ ಪರೀಕ್ಷೆ ಏನನ್ನೂ ಹೇಳದು, ಏಕೆಂದರೆ ಮೇಲಿನ ನೀರನ್ನು ಅದು ಹಿಡಿದು ನಿಲ್ಲಿಸಿರುತ್ತದೆ.

ಎರಡನೆಯದು ಪಂಪಿನ ಬಳಿ. ಮೊದಲು ಸ್ವಿಚ್ ಆರಿಸಿ, ಎಂಸಿಬಿಯನ್ನೂ ಇಳಿಸಿ. ಪಂಪಿನ ನೆತ್ತಿಯ ಮೇಲೆ ನೀರು ಹಾಕುವ ಒಂದು ಪ್ಲಗ್ ಇರುತ್ತದೆ. ಅದನ್ನು ನಿಧಾನವಾಗಿ, ಮುಖ ದೂರವಿಟ್ಟುಕೊಂಡು ಸಡಿಲಿಸಿ. ನೀರು ರಭಸದಿಂದ ಚಿಮ್ಮಿದರೆ ಮೇಲಿನ ಪೈಪಿನ ನೀರು ಇನ್ನೂ ನಿಂತಿದೆ, ಪಂಪೂ ತುಂಬಿದೆ ಎಂದು ಅರ್ಥ. ಆಗ ಫುಟ್ ವಾಲ್ವನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು. ಬುಸ್ಸೆಂದು ಗಾಳಿ ಒಳಗೆ ಹೋದರೆ ಅಥವಾ ಸದ್ದಿಲ್ಲದೆ ಒಣಗಿದ್ದರೆ ನೀರು ಕೆಳಗಿಳಿದಿದೆ. ಈಗ ಚೊಂಬಿನಿಂದ ಸಣ್ಣಗೆ ನೀರು ಹೊಯ್ಯಿರಿ. ಅವಸರ ಮಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಗುಳ್ಳೆಗಳು ಬರುತ್ತಾ ಮಟ್ಟ ಇಳಿಯುತ್ತದೆ, ಮತ್ತೆ ಹೊಯ್ಯಿರಿ. ಮೋಟಾರಿನ ಹಿಂದಿನ ಫ್ಯಾನನ್ನು ಸ್ಕ್ರೂಡ್ರೈವರಿನಿಂದ ನಾಲ್ಕಾರು ಸುತ್ತು ತಿರುಗಿಸಿದರೆ ಇಂಪೆಲ್ಲರಿನ ಸಂದುಗಳಲ್ಲಿ ಕೂತ ಗಾಳಿಯೂ ಮೇಲೆ ಬರುತ್ತದೆ. ಮೇಲೆ ಹೇಳಿದ ಮನೆಗೆ ಪಂಪಿನ ಹೊಟ್ಟೆಯೂ ಸೇರಿ ಎರಡು ಎರಡೂವರೆ ಲೀಟರು ಸಾಕು. ಒಂದು ಬಕೆಟ್ ಮುಗಿದರೂ ತುಂಬುತ್ತಿಲ್ಲ ಎಂದಾದರೆ ಫುಟ್ ವಾಲ್ವು ಬಾಯಿ ತೆರೆದೇ ನಿಂತಿದೆ. ಇನ್ನೂ ನೀರು ಹೊಯ್ದು ಫಲವಿಲ್ಲ.

ತುಂಬಿತು ಎಂದುಕೊಳ್ಳಿ. ಇಲ್ಲಿ ಪ್ಲಗ್ ಮುಚ್ಚಿ ಸ್ವಿಚ್ ಹಾಕಲು ಕೈ ಓಡುತ್ತದೆ, ಆದರೆ ತಡೆಯಿರಿ. ಪ್ಲಗ್ಗಿನ ಬಾಯಿ ತೆರೆದೇ ಇರಲಿ, ಹತ್ತು ನಿಮಿಷ ನೀರಿನ ಮಟ್ಟವನ್ನು ನೋಡುತ್ತಾ ಕೂತಿರಿ. ಹೊರಗೆ ಕಾಣುವ ಜಾಯಿಂಟುಗಳನ್ನೆಲ್ಲ ಬಟ್ಟೆಯಿಂದ ಒರೆಸಿ, ಒಂದೊಂದಕ್ಕೂ ಒಣ ಪೇಪರು ಸುತ್ತಿ. ಬಾಯಿ ತೆರೆದು ತುಂಬಿಟ್ಟಾಗ ಸಕ್ಷನ್ ಪೈಪಿನೊಳಗಿನ ನೀರು ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿರುತ್ತದೆ, ಆದ್ದರಿಂದ ಯಾವ ಜಾಯಿಂಟಿನಲ್ಲಿ ಸಂದಿದೆಯೋ ಅಲ್ಲಿ ನೀರು ಹೊರಕ್ಕೆ ಒಸರುತ್ತದೆ. ಅದೇ ಸಂದು ಪಂಪು ಓಡುವಾಗ ಗಾಳಿಯನ್ನು ಒಳಕ್ಕೆ ಹೀರುತ್ತದೆ, ಹೊರಗೆ ಒಂದು ಹನಿಯೂ ಕಾಣದು. ಓಡುತ್ತಿರುವ ಪಂಪನ್ನು ಎಷ್ಟು ದಿಟ್ಟಿಸಿದರೂ ಸಕ್ಷನ್ ಲೀಕು ಪತ್ತೆಯಾಗದೇ ಇರುವುದು ಇದರಿಂದ. ಹತ್ತು ನಿಮಿಷದಲ್ಲಿ ಮಟ್ಟ ಇಳಿದಿದೆ, ಪೇಪರು ಒದ್ದೆಯಾಗಿದೆ ಎಂದರೆ ಆ ಜಾಯಿಂಟಿನದೇ ತಪ್ಪು. ಪಂಪಿಗೂ ಮೋಟಾರಿಗೂ ನಡುವಿನ ಸಂದಿನಲ್ಲಿ ಹನಿಯುತ್ತಿದ್ದರೆ ಶಾಫ್ಟಿನ ಸೀಲು ಹೋಗಿದೆ. ಎಲ್ಲ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ ನೀರು ಹೋಗುವುದಕ್ಕೆ ಉಳಿದಿರುವುದು ಸಂಪಿನ ಒಳಗಿನ ದಾರಿ ಮಾತ್ರ, ಫುಟ್ ವಾಲ್ವು ಅಥವಾ ಸಂಪಿನೊಳಗಿನ ಯಾವುದಾದರೂ ಜಾಯಿಂಟು.

ನಮ್ಮ ಉದಾಹರಣೆಯ ಮನೆಯಲ್ಲಿ ಹೀಗಾಯಿತು ಎಂದುಕೊಳ್ಳೋಣ. ತಾರಸಿಯಲ್ಲಿ ಅಂಗೈ ಎಳೆದಿದೆ. ಪ್ಲಗ್ಗಿನಲ್ಲಿ ತುಂಬಿದ ನೀರು ಹತ್ತು ನಿಮಿಷದಲ್ಲಿ ಕಣ್ಣಿಗೆ ಕಾಣದಷ್ಟು ಕೆಳಗಿಳಿದಿದೆ. ಪೇಪರುಗಳು ಒಣಗಿವೆ. ಮತ್ತೆ ತುಂಬಿಸಿ, ಪ್ಲಗ್ ಬಿಗಿದು, ಸ್ವಿಚ್ ಹಾಕಿದರೆ ಅರ್ಧ ನಿಮಿಷದಲ್ಲಿ ಮೇಲೆ ನೀರು ದಬದಬ ಬೀಳುತ್ತದೆ, ಗುಳ್ಳೆ ಇಲ್ಲ, ಧಾರೆ ತುಂಡಾಗುವುದಿಲ್ಲ. ಈ ಕೊನೆಯ ಸಾಕ್ಷಿ ಮುಖ್ಯ. ತುಂಬಿಸಿದ ಮೇಲೆ ಪೂರ್ತಿ ಧಾರೆ ಬಂತು ಎಂದರೆ ಇಂಪೆಲ್ಲರೂ ಸರಿ, ಮೋಟಾರೂ ಸರಿ, ಓಡುವಾಗ ಗಾಳಿ ನುಗ್ಗುವ ಸಂದೂ ಇಲ್ಲ. ನಿಂತಾಗ ಮಾತ್ರ ಸೋರುವ ಫುಟ್ ವಾಲ್ವೊಂದೇ ಆರೋಪಿ. ಹಾಗಲ್ಲದೆ, ತುಂಬಿಸಿದರೂ ನೀರು ಕೆಮ್ಮುತ್ತಾ ಗಾಳಿ ಬೆರೆತು ಬಂದು ಕೆಲ ಹೊತ್ತಿಗೆ ನಿಂತುಹೋಗುತ್ತದೆ ಎಂದಿದ್ದರೆ ಗಾಳಿ ಮೇಲಿನ ಜಾಯಿಂಟಿನಿಂದ ಬರುತ್ತಿದೆ, ಇಲ್ಲವೇ ಸಂಪಿನ ಮಟ್ಟ ತಗ್ಗಿ ವಾಲ್ವಿನ ಬಾಯಿ ಬಯಲಾಗುತ್ತಿದೆ.

ನಾನ್ ರಿಟರ್ನ್ ವಾಲ್ವ್ ಇರುವ ಮನೆಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮೇಲಿನ 40 ಅಡಿ ನೀರಿನ ಭಾರ ಆ ವಾಲ್ವಿನ ಮೇಲೆ ಕೂತಿರುತ್ತದೆ. ಕೆಳಗೆ ಪಂಪಿನಲ್ಲಿ ಗಾಳಿ ಸೇರಿಕೊಂಡರೆ ಆ ಗಾಳಿ ಹುಟ್ಟಿಸುವ ಒತ್ತಡಕ್ಕೆ ವಾಲ್ವು ಅಲುಗುವುದೂ ಇಲ್ಲ. ಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲದೆ ಪಂಪು ಸುಮ್ಮನೆ ತಿರುಗುತ್ತಿರುತ್ತದೆ. ಇಂಥಲ್ಲಿ ಪ್ಲಗ್ ತೆರೆದು ಗಾಳಿ ಬಿಡದೆ ಬೇರೆ ಉಪಾಯವಿಲ್ಲ.

ನೀರು ಬರದಿದ್ದರೂ ‘ಸ್ವಲ್ಪ ಹೊತ್ತು ಓಡಲಿ, ಎಳೆದುಕೊಳ್ಳುತ್ತೆ’ ಎಂದು ಬಿಡುವ ಅಭ್ಯಾಸವಿದೆಯಲ್ಲ, ನಿಜವಾದ ನಷ್ಟ ಶುರುವಾಗುವುದು ಅಲ್ಲಿಂದ. ಶಾಫ್ಟು ಪಂಪಿನೊಳಗೆ ಹೋಗುವ ಜಾಗದಲ್ಲಿರುವ ಸೀಲಿನಲ್ಲಿ ಎರಡು ನುಣುಪಾದ ಬಿಲ್ಲೆಗಳು ಒಂದರ ಮೇಲೊಂದು ಉಜ್ಜುತ್ತಿರುತ್ತವೆ. ಅವುಗಳ ನಡುವಿನ ನೀರಿನ ತೆಳು ಪದರವೇ ಅವಕ್ಕೆ ಎಣ್ಣೆ, ಅದೇ ತಂಪು. ನೀರಿಲ್ಲದೆ ಉಜ್ಜಿದರೆ ಬಿಸಿಯೇರಿ ಬಿರುಕು ಬಿಡುತ್ತವೆ. ಆಮೇಲೆ ಅಲ್ಲಿಂದ ಒಸರಿದ ನೀರು ಮೋಟಾರಿನ ಬೇರಿಂಗಿಗೆ ಹೋಗುತ್ತದೆ. ಇನ್ನೊಂದು ಹಾನಿ ಹೆಚ್ಚು ಜನರ ಗಮನಕ್ಕೆ ಬಾರದ್ದು. ಪಂಪಿನ ಹೊಟ್ಟೆಯಲ್ಲಿ ಉಳಿದ ಅಷ್ಟಿಷ್ಟು ನೀರು ಮತ್ತೆಮತ್ತೆ ಕಡೆಯಲ್ಪಟ್ಟು ಕೈಯಿಡಲಾಗದಷ್ಟು ಕಾಯುತ್ತದೆ. ಪಂಪಿಗೆ ತಿರುಗಿಸಿ ಕೂರಿಸಿದ ಪಿವಿಸಿ ಜೋಡಣೆ ಆ ಬಿಸಿಗೆ ಮೆತ್ತಗಾಗಿ ಅದರ ಮರೆ ವಿಕಾರವಾಗುತ್ತದೆ. ಮೊದಲು ಇದ್ದದ್ದು ಫುಟ್ ವಾಲ್ವಿನ ಸೋರಿಕೆಯೊಂದೇ, ಈಗ ಗಾಳಿ ಹೀರುವ ಹೊಸ ಸಂದೊಂದು ಅದಕ್ಕೆ ಜೊತೆಯಾಯಿತು. ಹೊಸ ಫುಟ್ ವಾಲ್ವು ಹಾಕಿದ ಮೇಲೂ ನೀರೆತ್ತದ ಪಂಪುಗಳಲ್ಲಿ ಈ ಕತೆ ಇರುತ್ತದೆ. ಆದ್ದರಿಂದ ಒಂದೆರಡು ನಿಮಿಷದಲ್ಲಿ ನೀರು ಕಾಣದಿದ್ದರೆ ನಿಲ್ಲಿಸಿಬಿಡಬೇಕು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಆಂಪಿಯರ್ ಮೀಟರು ಇದ್ದರೆ ತಾರಸಿಗೆ ಹೋಗಿ ನೋಡಬೇಕಾಗಿಯೂ ಇಲ್ಲ. ನೀರೆತ್ತುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಒಳ್ಳೆಯ ದಿನಗಳಲ್ಲೇ ಒಂದು ಗುರುತು ಹಾಕಿಡಿ. ಪಂಪು ಖಾಲಿ ಓಡುವಾಗ ಅದರ ಮೇಲೆ ಹೊರೆಯಿಲ್ಲ, ಮುಳ್ಳು ಆ ಗುರುತಿಗಿಂತ ಸಾಕಷ್ಟು ಕೆಳಗೆ ನಿಲ್ಲುತ್ತದೆ.

ಇನ್ನು ವಾಲ್ವು ತೆಗೆಯುವ ಕೆಲಸ. ಪಂಪಿನ ಹತ್ತಿರ ಸಕ್ಷನ್ ಪೈಪಿಗೆ ಯೂನಿಯನ್ ಇದ್ದರೆ ಅದನ್ನು ಬಿಚ್ಚಿ ಇಡೀ ಪೈಪನ್ನು ಸಂಪಿನ ಬಾಯಿಯಿಂದ ಮೇಲಕ್ಕೆ ಎತ್ತಬಹುದು. ಇಲ್ಲದಿದ್ದರೆ ಪೈಪು ಕತ್ತರಿಸಬೇಕಾಗುತ್ತದೆ, ಮತ್ತೆ ಜೋಡಿಸುವಾಗ ಒಂದು ಯೂನಿಯನ್ ಹಾಕಿಸಿಬಿಡಿ. ಸಂಪಿನೊಳಗೆ ಇಳಿದು ಬಿಚ್ಚುವ ಯೋಚನೆ ಮಾತ್ರ ಬೇಡ. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಇಳಿದವರು, ಅವರನ್ನು ಎತ್ತಲು ಹೋದವರು ಇಬ್ಬರೂ ಪ್ರಾಣ ಕಳೆದುಕೊಂಡ ದುರಂತಗಳು ನಮ್ಮ ಊರುಗಳಲ್ಲಿ ನಡೆದಿವೆ. ನೀರಿನಲ್ಲಿ ನಿಂತು ಕರೆಂಟಿನ ಪಂಪು ಮುಟ್ಟುವ ಅಪಾಯ ಬೇರೆ. ಪೈಪನ್ನು ಮೇಲಿನಿಂದಲೇ ಎತ್ತಬೇಕು.

ಹೊರಗೆ ಬಂದ ವಾಲ್ವಿನೊಳಗೆ ಸಾಮಾನ್ಯವಾಗಿ ಸಿಗುವುದು ತೀರ ಸಣ್ಣ ವಸ್ತು. ಪೈಪು ಕೊಯ್ದಾಗ ಉದುರಿದ ಪ್ಲಾಸ್ಟಿಕ್ ಚೂರು, ಟೆಫ್ಲಾನ್ ಟೇಪಿನ ಎಳೆ, ಮರಳಿನ ಕಾಳು. ಮುಚ್ಚಳಕ್ಕೂ ಅಂಚಿಗೂ ನಡುವೆ ಅಂಥದ್ದೊಂದು ಸಿಕ್ಕಿಕೊಂಡರೆ ಆ ಚಮಚ ನೀರಿಗೆ ದಾರಿಯಾಯಿತು. ಬೋರ್‌ವೆಲ್ಲಿನ ಗಡಸು ನೀರು ತುಂಬುವ ಸಂಪುಗಳಲ್ಲಿ ಅಂಚಿನ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿರುತ್ತದೆ, ಮುಚ್ಚಳ ಅದರ ಮೇಲೆ ಸಮವಾಗಿ ಕೂರಲಾರದು. ರಬ್ಬರು ಹಳತಾಗಿ ಕಲ್ಲಿನಂತಾಗಿರಬಹುದು. ಹಳೆಯ ಹಿತ್ತಾಳೆ ವಾಲ್ವುಗಳಲ್ಲಿ ರಬ್ಬರಿನ ಬದಲು ತೊಗಲು ಇರುವುದುಂಟು. ಅದಕ್ಕೆ ಬೇಸಿಗೆಯೇ ಶತ್ರು. ಸಂಪು ಖಾಲಿಯಾಗಿ ನಾಲ್ಕು ದಿನ ಒಣಗಿದರೆ ತೊಗಲು ಮುರುಟಿಕೊಳ್ಳುತ್ತದೆ. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ, ಟ್ಯಾಂಕರ್ ನೀರು ತರಿಸಿದ ಮೇಲೆ ಪಂಪು ಎತ್ತುತ್ತಿಲ್ಲ ಎಂಬ ದೂರು ಬಂದರೆ ಈ ಒಣಗುವಿಕೆ ಮತ್ತು ಟ್ಯಾಂಕರಿನ ಜೊತೆ ಬಂದ ಮರಳು ಎರಡನ್ನೂ ಶಂಕಿಸಬೇಕು.

ಕಸ ತೆಗೆದು, ಸುಣ್ಣವಿದ್ದರೆ ವಿನೆಗರಿನಲ್ಲಿ ರಾತ್ರಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಎಷ್ಟೋ ವಾಲ್ವುಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಆದರೆ ಒಮ್ಮೆ ಪರೀಕ್ಷಿಸದೆ ಇಳಿಸಬಾರದು. ವಾಲ್ವನ್ನು ಎರಡು ಮೂರು ಅಡಿ ಪೈಪಿಗೆ ಕೂರಿಸಿ, ನೆಟ್ಟಗೆ ಹಿಡಿದು, ಮೇಲಿನಿಂದ ನೀರು ತುಂಬಿ, ಕೆಳಭಾಗ ಒರೆಸಿ, ಒಣ ನೆಲದ ಮೇಲೆ ಹತ್ತು ನಿಮಿಷ ಕಾಯಿರಿ. ಒಂದೊಂದಾಗಿ ಹನಿ ಬೀಳುತ್ತಲೇ ಇದ್ದರೆ ಅದನ್ನು ಬಿಟ್ಟು ಹೊಸದು ತನ್ನಿ. ಅಂಗಡಿಯಿಂದ ತಂದ ಹೊಸ ವಾಲ್ವಿಗೂ ಇದೇ ಪರೀಕ್ಷೆ ಮಾಡಿ. ಹೊಸದು ಎಂಬ ಒಂದೇ ಕಾರಣಕ್ಕೆ ನಂಬುವುದು ಸರಿಯಲ್ಲ, ಒಳಗಿನ ಅಂಚು ಒರಟಾಗಿ ಕಡೆದ ವಾಲ್ವುಗಳೂ ಮಾರಾಟಕ್ಕಿರುತ್ತವೆ. ಪೈಪು ಒಂದಿಂಚಿನದಾದರೆ ವಾಲ್ವೂ ಒಂದಿಂಚಿನದೇ ಇರಲಿ. ಟೆಫ್ಲಾನ್ ಟೇಪನ್ನು ಮರೆ ಬಿಗಿಯುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಪೈಪಿನ ಬಾಯಿಯಾಚೆ ಟೇಪಿನ ಎಳೆ ಜೋತಾಡಬಾರದು, ಮುಂದೆ ಮುಚ್ಚಳಕ್ಕೆ ಸಿಕ್ಕುವುದು ಅದೇ. ಸಂಪಿನ ತಳದಿಂದ ಒಂದಡಿಯಷ್ಟು ಮೇಲಿದ್ದರೆ ಹೂಳು ಹೀರದು. ಅದರ ಮೇಲೆ ಒಂದಡಿ ನೀರು ಸದಾ ನಿಂತಿದ್ದರೆ ಸುಳಿಯೆದ್ದು ಗಾಳಿ ಎಳೆದುಕೊಳ್ಳದು. ವಾಲ್ವು ನೆಟ್ಟಗೆ ಇಳಿದಿರಬೇಕು, ವಾಲಿದರೆ ಮುಚ್ಚಳ ಒಂದು ಪಕ್ಕಕ್ಕೇ ಕೂರುತ್ತದೆ.

ಮತ್ತೆ ಜೋಡಿಸುವಾಗ ಪೈಪಿನ ಓಟವನ್ನೂ ಗಮನಿಸಿ. ಸಂಪಿನಿಂದ ಪಂಪಿನವರೆಗೆ ಸಕ್ಷನ್ ಪೈಪು ಏರುತ್ತಲೇ ಬರಬೇಕು, ಹೆಚ್ಚೆಂದರೆ ಮಟ್ಟವಾಗಿರಬಹುದು. ಟೈಲ್ಸ್ ಹಾಕಿಸುವಾಗಲೋ ಕಾರು ನಿಲ್ಲಿಸಲು ಜಾಗ ಮಾಡುವಾಗಲೋ ಪೈಪನ್ನು ಎತ್ತರಕ್ಕೆ ಒಯ್ದು ಮತ್ತೆ ಪಂಪಿನ ಬಾಯಿಗೆ ಇಳಿಸಿದ ಮನೆಗಳು ಬೇಕಾದಷ್ಟಿವೆ. ಆ ಗೂನಿನಲ್ಲಿ ಗಾಳಿ ಕೂತರೆ ಪ್ಲಗ್ಗಿನಿಂದ ಎಷ್ಟು ನೀರು ಹೊಯ್ದರೂ ಹೊರಬರುವುದಿಲ್ಲ, ಏಕೆಂದರೆ ಪ್ಲಗ್ಗಿಗಿಂತ ಎತ್ತರದಲ್ಲಿದೆ ಅದು. ಆಗ ಪೈಪಿನ ದಾರಿಯನ್ನೇ ಬದಲಿಸಬೇಕು.

ಸೆಲ್ಫ್ ಪ್ರೈಮಿಂಗ್ ಎಂದು ಬರೆದ ಪಂಪು ನಮ್ಮದು, ಅದಕ್ಕೆ ಇದೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಅರ್ಧ ಎಚ್‌ಪಿಯ ಸಣ್ಣ ಪಂಪುಗಳಲ್ಲಿ ಬಹಳಷ್ಟು ಈ ಜಾತಿಯವು. ತಮ್ಮ ಹೊಟ್ಟೆಯಲ್ಲಿ ಸ್ವಲ್ಪ ನೀರು ಉಳಿಸಿಕೊಂಡು, ಅದರ ಜೊತೆ ಪೈಪಿನ ಗಾಳಿಯನ್ನು ಬೆರೆಸಿ ಹೊರಗೆ ದೂಡುವ ಗುಣ ಅವಕ್ಕಿದೆ ನಿಜ. ಆದರೆ ಮೊದಲ ಸಲ ಹೊಟ್ಟೆಗೆ ನೀರು ನಾವೇ ಹಾಕಬೇಕು, ಆ ನೀರೂ ಸೋರಿದರೆ ಅವೂ ಉಳಿದವುಗಳಂತೆಯೇ. ಇವುಗಳಲ್ಲಿ ಫುಟ್ ವಾಲ್ವಿನ ಸೋರಿಕೆ ಒಮ್ಮೆಲೇ ಗೊತ್ತಾಗುವುದಿಲ್ಲ. ಸ್ವಿಚ್ ಹಾಕಿದ ಮೇಲೆ ನೀರು ಬೀಳಲು ಹಿಡಿಯುವ ಹೊತ್ತು ಮಾತ್ರ ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋಗುತ್ತದೆ. ಹತ್ತು ಸೆಕೆಂಡಿನಲ್ಲಿ ಬರುತ್ತಿದ್ದದ್ದು ಒಂದು ನಿಮಿಷವಾಯಿತು, ಎರಡಾಯಿತು ಎಂದರೆ ಆಗಲೇ ವಾಲ್ವು ನೋಡಿಸಬೇಕು. ಈ ಪಂಪುಗಳ ಒಳಗಿನ ಸಂದುಗಳು ಬಲು ಕಿರಿದು, ದಿನವೂ ಗಾಳಿಯೊಂದಿಗೆ ಒದ್ದಾಡಿಸಿದರೆ, ಜಾಲರಿ ದಾಟಿ ಬಂದ ಮರಳು ಉಜ್ಜಿದರೆ ಸವೆದು ಆ ಗುಣವನ್ನೇ ಕಳೆದುಕೊಳ್ಳುತ್ತವೆ.

ಕೆಲವು ಪ್ಲಂಬರುಗಳು ತಾರಸಿಯ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪೊಂದನ್ನು ಇಳಿಸಿ, ಪಂಪಿನ ಪ್ಲಗ್ಗಿಗೆ ಜೋಡಿಸಿ, ನಡುವೆ ಒಂದು ವಾಲ್ವು ಇಟ್ಟುಕೊಡುತ್ತಾರೆ. ಅದನ್ನು ತಿರುಗಿಸಿದರೆ ಟ್ಯಾಂಕಿನ ನೀರೇ ಬಂದು ಪಂಪನ್ನು ತುಂಬುತ್ತದೆ, ಚೊಂಬು ಹಿಡಿಯುವ ಕೆಲಸ ತಪ್ಪುತ್ತದೆ. ವಯಸ್ಸಾದವರೇ ಇರುವ ಮನೆಗೆ ಇದು ಉಪಕಾರವೇ, ಬೇಡ ಎನ್ನಲಾರೆ. ಆದರೆ ಸೋರುವ ಫುಟ್ ವಾಲ್ವಿಗೆ ಇದೇ ಔಷಧಿ ಎಂದುಕೊಂಡರೆ ಕೆಡುತ್ತದೆ. ಒಂದು ದಿನ ಆ ವಾಲ್ವು ಮುಚ್ಚಲು ಮರೆತರೆ ಟ್ಯಾಂಕಿನ ನೀರೆಲ್ಲ ಸಂಪಿಗೆ, ಟ್ಯಾಂಕು ಖಾಲಿಯಾದ ದಿನ ತುಂಬಿಸುವುದಕ್ಕೆ ನೀರೇ ಇಲ್ಲ. ಪ್ರೈಮಿಂಗಿನ ತಾಪತ್ರಯವೇ ಬೇಡ ಎನ್ನುವವರು ಮುಂದಿನ ಸಲ ಪಂಪು ಬದಲಿಸುವಾಗ ಸಂಪಿನ ನೀರಿನಲ್ಲೇ ಮುಳುಗಿ ಕೂರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿಸಬಹುದು. ನೀರೊಳಗೇ ಇರುವುದರಿಂದ ಅದಕ್ಕೆ ಫುಟ್ ವಾಲ್ವೂ ಬೇಡ, ನೀರು ಹೊಯ್ಯುವುದೂ ಬೇಡ. ಮೋಟಾರು ಕುಡಿಯುವ ನೀರಿನಲ್ಲೇ ಇರುತ್ತದಾದ್ದರಿಂದ ಅರ್ಥಿಂಗ್ ಮತ್ತು ಇಎಲ್‌ಸಿಬಿ ಸರಿಯಾಗಿರಲೇಬೇಕು.

ಇಷ್ಟೆಲ್ಲ ನೋಡಿಯೂ, ವಾಲ್ವು ಹೊಸದು, ಜಾಯಿಂಟುಗಳು ಒಣಗಿವೆ, ಪ್ಲಗ್ಗಿನ ನೀರು ಹತ್ತು ನಿಮಿಷ ಕೂದಲೆಳೆಯಷ್ಟೂ ಇಳಿದಿಲ್ಲ, ಆದರೂ ತಾರಸಿಗೆ ನೀರು ಹೋಗುತ್ತಿಲ್ಲ ಎಂಬ ಪಂಪುಗಳೂ ಇರುತ್ತವೆ. ಆಗ ಡೆಲಿವರಿಯ ಗೇಟ್ ವಾಲ್ವು ತೆರೆದಿದೆಯೇ ನೋಡಿ, ಹಿಡಿ ತಿರುಗಿದರೂ ಒಳಗಿನ ತಗಡು ಕಳಚಿ ಬಿದ್ದು ಮುಚ್ಚಿಕೊಂಡಿರುವುದುಂಟು. ಅದೂ ಸರಿಯಿದ್ದರೆ ಪಂಪಿನ ಹತ್ತಿರವೇ ಯೂನಿಯನ್ ಬಿಚ್ಚಿ, ಮೇಲಿನ ಪೈಪಿಲ್ಲದೆ ಒಂದು ಕ್ಷಣ ಓಡಿಸಿ. ನೆಲಮಟ್ಟದಲ್ಲಿ ಧಾರಾಳವಾಗಿ ನೀರು ಬಂದು, ಪೈಪು ಜೋಡಿಸಿದರೆ ಮೇಲಕ್ಕೆ ಹೋಗುತ್ತಿಲ್ಲ ಎಂದಾದರೆ ಇಂಪೆಲ್ಲರ್ ಸವೆದಿದೆ, ಅಥವಾ ಅದರ ಕೀಲಿ ಕಳಚಿ ಶಾಫ್ಟಿನ ಮೇಲೆ ಜಾರುತ್ತಿದೆ. ಪಂಪನ್ನು ಬಿಚ್ಚಿ ಅಂಗಡಿಗೆ ಒಯ್ಯಬೇಕಾದದ್ದು ಆಗ.